‘ಇದರಲ್ಲಿ ನಿಮ್ಮ ಕ್ಲೇಮ್ ಯಾವುದು?’: ರೆಸ್ಯೂಮೆಯ ಸಾಧನೆ ಪಟ್ಟಿಯಲ್ಲಿ ಏನಿರಬೇಕು, ಏನು ಬೇಡ

ಈ ಜನವರಿಯಲ್ಲಿ ಒಂದು ಚಿಕ್ಕ ಎಂಬೆಡೆಡ್ ಕಂಪನಿಗೆ ಇಂಟರ್ನ್‌ಶಿಪ್ ಇಂಟರ್‌ವ್ಯೂ ಕೊಟ್ಟೆ. ನನ್ನ ರೆಸ್ಯೂಮೆಯ ಕೊನೆಯಲ್ಲಿ ‘ಅಕಂಪ್ಲಿಶ್‌ಮೆಂಟ್ಸ್’ ಅಂತ ಒಂದು ಭಾಗ ಇತ್ತು. ಅದರಲ್ಲಿ ಹತ್ತು ಸಾಲು, ಮೊದಲನೇ ಸಾಲಿನಲ್ಲೇ ದಪ್ಪ ಅಕ್ಷರದಲ್ಲಿ ‘ಪೇಟೆಂಟ್’. ಇಂಟರ್‌ವ್ಯೂ ಮಾಡ್ತಿದ್ದವರು ಸೀದಾ ಅಲ್ಲಿಗೇ ಬಂದರು. “ಸೆಕೆಂಡ್ ಇಯರ್‌ನಲ್ಲೇ ಪೇಟೆಂಟಾ? ಗ್ರಾಂಟ್ ಆಗಿದೆಯಾ?” ಅಂದರು. “ಪಬ್ಲಿಷ್ ಆಗಿದೆ ಸರ್” ಅಂದೆ. “ಸರಿ, ಎಂಟು ಜನ ಇನ್ವೆಂಟರ್ಸ್ ಇದ್ದೀರಿ. ಇದರಲ್ಲಿ ನಿಮ್ಮ ಕ್ಲೇಮ್ ಯಾವುದು?” ಅಂದರು. ನಾನು ಸುಮ್ಮನೆ ಕೂತೆ. ಯಾಕಂದ್ರೆ ಆ ಕ್ಲೇಮ್‌ಗಳನ್ನ ನಾನು ಓದಿರಲೇ ಇಲ್ಲ. ಆಮೇಲೆ ಉಳಿದ ಒಂಬತ್ತು ಸಾಲುಗಳ ಬಗ್ಗೆ ಅವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಇಂಟರ್ನ್‌ಶಿಪ್ ಸಿಗಲಿಲ್ಲ. ಆ ರೆಸ್ಯೂಮೆ ತಗೊಂಡು ನಮ್ಮ ಲ್ಯಾಬಿನ ಒಬ್ಬ ಫೈನಲ್ ಇಯರ್ ಅಕ್ಕನ ಹತ್ರ ಹೋದೆ. ಅವರು ಕಳೆದ ಬೇಸಿಗೆಯಲ್ಲಿ ಪೇಟೆಂಟ್ ಅರ್ಜಿ ಬರೆಯೋ ಒಂದು ಆಫೀಸಿನಲ್ಲಿ ಇಂಟರ್ನ್ ಆಗಿದ್ದವರು. ಎರಡು ಗಂಟೆ ಕೂತು ಹತ್ತು ಸಾಲನ್ನ ಮೂರೂವರೆಗೆ ಇಳಿಸಿದರು. ಆ ಎರಡು ಗಂಟೆಯಲ್ಲಿ ನಾನು ಕಲಿತದ್ದನ್ನ ಇಲ್ಲಿ ಬರೀತಿದ್ದೀನಿ. ನಮ್ಮ ಕ್ಲಾಸಿನಲ್ಲಿ ಸುಮಾರು ಜನರ ರೆಸ್ಯೂಮೆ ನನ್ನದರ ಹಾಗೇ ಇದೆ ಅಂತ ನನಗೆ ಗೊತ್ತು.

ಮೊದಲು ಆ ಪ್ರಾಜೆಕ್ಟ್ ಏನು ಅಂತ ಹೇಳಬೇಕು, ಇಲ್ಲದಿದ್ರೆ ಮುಂದಿನದು ಅರ್ಥ ಆಗಲ್ಲ. ಬೋರ್‌ವೆಲ್‌ನಲ್ಲಿ ನೀರು ಖಾಲಿಯಾದರೂ ಮೋಟರ್ ಓಡ್ತಾನೇ ಇದ್ರೆ ಅದು ಸುಟ್ಟು ಹೋಗುತ್ತೆ. ನೀರು ಎತ್ತುವ ಕೆಲಸ ಇಲ್ಲದಾಗ ಮೋಟರ್ ಎಳೆಯುವ ಕರೆಂಟ್ ಕಡಿಮೆ ಆಗುತ್ತೆ. ನಮ್ಮ ದೊಡ್ಡಪ್ಪನ ತೋಟದ ಮೋಟರ್‌ನಲ್ಲಿ ಅಳೆದಾಗ ನೀರಿದ್ದಾಗ 8 ಆಂಪಿಯರ್ ಹತ್ತಿರ, ನೀರು ನಿಂತಾಗ 5ರ ಹತ್ತಿರ ಬಂತು. ಹಾಗಾಗಿ ಕರೆಂಟ್ ಅಳೆಯುವ ಒಂದು ಸೆನ್ಸರ್ ಹಾಕಿ, ಅದು ಇಳಿದ ಕೂಡಲೇ ಮೋಟರ್ ಆಫ್ ಮಾಡಿದರೆ ಆಯ್ತು. ಇದರಲ್ಲಿ ಹೊಸದೇನೂ ಇಲ್ಲ. ಡ್ರೈ ರನ್ ಪ್ರಿವೆಂಟರ್ ಅಂತ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಈಗಲೂ ಸಿಗುತ್ತೆ. ನಾನು ಸೇರಿಸಿದ್ದು ಒಂದೇ ಒಂದು ಸಣ್ಣ ವಿಷಯ. ಆಫ್ ಆದಮೇಲೆ ಎಷ್ಟು ಹೊತ್ತು ಕಾದು ಮತ್ತೆ ಆನ್ ಮಾಡಬೇಕು ಅನ್ನೋದನ್ನ ಅಂಗಡಿ ಡಬ್ಬಿಯಲ್ಲಿ ನಾವೇ ತಿರುಗಿಸಿ ಇಡಬೇಕು. ನನ್ನ ಕೋಡ್ ಅದನ್ನ ತಾನೇ ಕಲಿಯುತ್ತೆ. ಮತ್ತೆ ಆನ್ ಆಗಿ 5 ನಿಮಿಷದೊಳಗೆ ನೀರು ಖಾಲಿಯಾದರೆ ಮುಂದಿನ ಸಲ ಹೆಚ್ಚು ಕಾಯುತ್ತೆ, 20 ನಿಮಿಷ ಮೀರಿ ಓಡಿದರೆ ಕಾಯೋದು ಕಡಿಮೆ ಮಾಡುತ್ತೆ. 23 ದಿನ ತೋಟದಲ್ಲಿ ಇಟ್ಟು ನೋಡಿದಾಗ ದಿನಕ್ಕೆ 11 ಸಲ ಆನ್ ಆಗ್ತಿದ್ದ ಮೋಟರ್ ಸುಮಾರು 6 ಸಲಕ್ಕೆ ಬಂತು.

ಇದನ್ನ ನಾವು 2025ರ ಎರಡನೇ ಸೆಮಿಸ್ಟರ್‌ನಲ್ಲಿ ಮಾಡಿದ್ವಿ. ಜೂನ್‌ನಲ್ಲಿ ಒಂದು ‘ಇಂಟರ್‌ನ್ಯಾಷನಲ್ ಜರ್ನಲ್’ನಲ್ಲಿ ಪೇಪರ್ ಬಂತು. ಆಗಸ್ಟ್‌ನಲ್ಲಿ ಕಾಲೇಜಿನ ಹೆಸರಲ್ಲಿ ಪೇಟೆಂಟ್ ಅರ್ಜಿ ಹಾಕಿದ್ರು. ಸೆಪ್ಟೆಂಬರ್‌ನಲ್ಲಿ ಅದು ಪಬ್ಲಿಷ್ ಆಯ್ತು. ನನ್ನ ಹೆಸರಿರೋ ಪುಟದ ಸ್ಕ್ರೀನ್‌ಶಾಟ್ ಅಮ್ಮ ಸ್ಟೇಟಸ್‌ಗೆ ಹಾಕ್ಕೊಂಡ್ರು. ನಮ್ಮ ಬೀದಿಯಲ್ಲಿ ನನಗೆ ಪೇಟೆಂಟ್ ಸಿಕ್ಕಿದೆ ಅಂತಲೇ ಎಲ್ಲರೂ ತಿಳ್ಕೊಂಡಿದ್ದಾರೆ. ನಾನೂ ಹಾಗೇ ತಿಳ್ಕೊಂಡಿದ್ದೆ.

ಅಕ್ಕ ಮೊದಲು ಕೇಳಿದ್ದು, “ಪಬ್ಲಿಷ್ ಆಗೋಕೆ ಯಾರು ಏನನ್ನ ಪರೀಕ್ಷೆ ಮಾಡಿದ್ರು ಹೇಳು?”

ನಾನು ಅಂದುಕೊಂಡಿದ್ದು, ಪೇಟೆಂಟ್ ಆಫೀಸಿನವರು ಓದಿ, ಹೊಸದು ಅಂತ ಒಪ್ಪಿ, ಆಮೇಲೆ ಪ್ರಕಟಿಸ್ತಾರೆ ಅಂತ. ಹಾಗಲ್ಲ. ನಮ್ಮ ದೇಶದ ಪೇಟೆಂಟ್ ಕಾನೂನು 1970ರದ್ದು. ಅದರ ಪ್ರಕಾರ ಅರ್ಜಿ ಹಾಕಿದ 18 ತಿಂಗಳಿಗೆ ಅದನ್ನ ಪೇಟೆಂಟ್ ಆಫೀಸಿನ ಜರ್ನಲ್‌ನಲ್ಲಿ ಪ್ರಕಟಿಸ್ತಾರೆ. ಈ ಜರ್ನಲ್ ಪ್ರತಿ ಶುಕ್ರವಾರ ಬರುತ್ತೆ. 18 ತಿಂಗಳು ಕಾಯೋದು ಬೇಡ ಅಂದ್ರೆ ಫಾರ್ಮ್ 9 ಅಂತ ಒಂದನ್ನ ಹಾಕಬೇಕು, ಆಗ ಸುಮಾರು ಒಂದು ತಿಂಗಳಲ್ಲಿ ಪ್ರಕಟ ಆಗುತ್ತೆ. ಎರಡೂ ದಾರಿಯಲ್ಲಿ, ಪ್ರಕಟಣೆಗೆ ಮುಂಚೆ ಇದು ಹೊಸದಾ ಹಳೆಯದಾ ಅಂತ ಯಾರೂ ಪರೀಕ್ಷೆ ಮಾಡಿರಲ್ಲ. ‘ಇಂಥವರು ಇಂಥದ್ದಕ್ಕೆ ಪೇಟೆಂಟ್ ಕೇಳ್ತಿದ್ದಾರೆ’ ಅಂತ ಊರಿಗೆಲ್ಲ ಗೊತ್ತಾಗೋ ಹಾಗೆ ಮಾಡೋದಷ್ಟೇ ಅದರ ಕೆಲಸ.

ಪರೀಕ್ಷೆ ಅನ್ನೋದು ಬೇರೆ ಹಂತ. ಅದಕ್ಕೆ ಫಾರ್ಮ್ 18 ಹಾಕಿ ಕೇಳ್ಕೋಬೇಕು, ತಾನಾಗೇ ನಡೆಯಲ್ಲ. 2024ರಲ್ಲಿ ನಿಯಮ ಬದಲಾದ ಮೇಲೆ ಅದಕ್ಕೆ ಗಡುವು, ಮೊದಲ ಅರ್ಜಿಯ ದಿನದಿಂದ 31 ತಿಂಗಳು. ಹಾಕದಿದ್ರೆ ಅರ್ಜಿ ವಾಪಸ್ ತಗೊಂಡ ಹಾಗೆ ಲೆಕ್ಕ. ಹಾಕಿದ್ರೆ ಒಬ್ಬ ಎಕ್ಸಾಮಿನರ್ ಓದ್ತಾರೆ, ಪ್ರಪಂಚದ ಹಳೇ ಪೇಟೆಂಟ್ ಮತ್ತು ಪೇಪರ್‌ಗಳನ್ನ ಹುಡುಕ್ತಾರೆ, ಆಕ್ಷೇಪಣೆಗಳನ್ನ ಬರೆದು ಕಳಿಸ್ತಾರೆ. ಅದಕ್ಕೆ ಫಸ್ಟ್ ಎಕ್ಸಾಮಿನೇಶನ್ ರಿಪೋರ್ಟ್ ಅಂತಾರೆ, ಚಿಕ್ಕದಾಗಿ ಎಫ್‌ಇಆರ್. ಅದಕ್ಕೆ 6 ತಿಂಗಳಲ್ಲಿ ಉತ್ತರ ಕೊಡಬೇಕು. ಇಷ್ಟೆಲ್ಲ ದಾಟಿದ್ರೆ ಗ್ರಾಂಟ್.

ಖರ್ಚಿನ ಲೆಕ್ಕ ನೋಡಿದ್ರೆ ಎಲ್ಲಾ ಕಡೆ ‘ಪಬ್ಲಿಷ್ಡ್’ ಯಾಕೆ ಇಷ್ಟೊಂದು ಕಾಣುತ್ತೆ ಅಂತ ಗೊತ್ತಾಗುತ್ತೆ. ವ್ಯಕ್ತಿಗಳಿಗೆ ಆನ್‌ಲೈನ್ ಅರ್ಜಿಗೆ 1,600 ರೂಪಾಯಿ, ಫಾರ್ಮ್ 9ಕ್ಕೆ 2,500. ಶಿಕ್ಷಣ ಸಂಸ್ಥೆಗಳಿಗೂ 2021ರಿಂದ ಇದೇ ಕಡಿಮೆ ದರ ಇದೆ. ಅಂದ್ರೆ ಸರ್ಕಾರಕ್ಕೆ ಕಟ್ಟುವ 4,100 ರೂಪಾಯಿಯಲ್ಲಿ ನಿಮ್ಮ ಹೆಸರು ಜರ್ನಲ್‌ನಲ್ಲಿ ಬರುತ್ತೆ. ಪರೀಕ್ಷೆಗೆ ಇನ್ನೂ 4,000 ಬೇಕು, ಅದಕ್ಕಿಂತ ಮುಖ್ಯವಾಗಿ ಎಫ್‌ಇಆರ್‌ಗೆ ಉತ್ತರ ಬರೆಯೋಕೆ ವಿಷಯ ಗೊತ್ತಿರೋರು ಬೇಕು. ಕಾಲೇಜುಗಳ ರ‍್ಯಾಂಕಿಂಗ್ ಮಾಡುವ ಎನ್‌ಐಆರ್‌ಎಫ್‌ನಲ್ಲಿ ಗ್ರಾಂಟ್ ಆದವುಗಳ ಜೊತೆ ಪಬ್ಲಿಷ್ ಆದ ಪೇಟೆಂಟ್‌ಗಳನ್ನೂ ಲೆಕ್ಕ ಹಾಕ್ತಾರೆ. ಹಾಗಾಗಿ ಕಾಲೇಜಿಗೆ ಅಲ್ಲಿ ನಿಂತರೂ ಲಾಭ ಇದೆ. ಇದು ತಪ್ಪು ಅಂತ ಅಲ್ಲ. ಆದರೆ ಕಾಲೇಜಿನ ಲೆಕ್ಕಕ್ಕೆ ಬರೋದೆಲ್ಲ ನನ್ನ ರೆಸ್ಯೂಮೆಯ ಲೆಕ್ಕಕ್ಕೆ ಬರಲ್ಲ.

“ಈಗ ನಿನ್ನ ಅರ್ಜಿ ತೆಗಿ” ಅಂದ್ರು ಅಕ್ಕ. ಪೇಟೆಂಟ್ ಆಫೀಸಿನ ವೆಬ್‌ಸೈಟ್‌ನಲ್ಲಿ ಇನ್‌ಪಾಸ್ ಅಂತ ಒಂದು ಹುಡುಕುವ ಪುಟ ಇದೆ, ಯಾರು ಬೇಕಾದ್ರೂ ನೋಡಬಹುದು, ದುಡ್ಡಿಲ್ಲ. ನಮ್ಮ ಅರ್ಜಿಯ ನಂಬರ್ 202541 ಅಂತ ಶುರುವಾಗುತ್ತೆ. ಮೊದಲ ನಾಲ್ಕು ಅಂಕಿ ವರ್ಷ. ಐದನೆಯದು ಯಾವ ಆಫೀಸು ಅಂತ: 1 ದೆಹಲಿ, 2 ಮುಂಬೈ, 3 ಕೋಲ್ಕತ್ತ, 4 ಚೆನ್ನೈ. ಕರ್ನಾಟಕದವರೆಲ್ಲ ಚೆನ್ನೈ ಆಫೀಸಿಗೆ ಬರ್ತೀವಿ. ಆರನೆಯದು ಅರ್ಜಿಯ ಬಗೆ, 1 ಅಂದ್ರೆ ಸಾಮಾನ್ಯ ಅರ್ಜಿ. ಅಂದ್ರೆ ಇದು ಅರ್ಜಿಯ ನಂಬರ್, ಪೇಟೆಂಟ್ ನಂಬರ್ ಅಲ್ಲ. ಗ್ರಾಂಟ್ ಆದಾಗ ಬೇರೆ ನಂಬರ್ ಕೊಡ್ತಾರೆ. ನಾನು ರೆಸ್ಯೂಮೆಯಲ್ಲಿ ‘ಪೇಟೆಂಟ್ ನಂಬರ್’ ಅಂತ ಈ 12 ಅಂಕಿಯನ್ನೇ ಹಾಕಿದ್ದೆ. ಗೊತ್ತಿರೋರಿಗೆ ಆ ಒಂದು ಸಾಲಿನಿಂದಲೇ ನನಗೆ ಏನೂ ಗೊತ್ತಿಲ್ಲ ಅಂತ ತಿಳಿದಿರುತ್ತೆ. ಸ್ಟೇಟಸ್ ನೋಡಿದ್ರೆ, ಪರೀಕ್ಷೆಯ ಕೋರಿಕೆ ಇನ್ನೂ ಬಂದಿಲ್ಲ ಅಂತ ಇತ್ತು. ಫಾರ್ಮ್ 18 ಹಾಕಿಲ್ಲ.

ಆಮೇಲೆ ಕ್ಲೇಮ್‌ಗಳನ್ನ ಓದಿಸಿದ್ರು. ಪೇಟೆಂಟ್ ಅರ್ಜಿಯಲ್ಲಿ ಚಿತ್ರ, ವಿವರಣೆ, ಹಿನ್ನೆಲೆ ಎಲ್ಲಾ ಇರುತ್ತೆ, ಆದರೆ ಹಕ್ಕು ಕೇಳೋದು ಕೊನೆಯಲ್ಲಿರುವ ನಂಬರ್ ಹಾಕಿದ ವಾಕ್ಯಗಳಲ್ಲಿ ಮಾತ್ರ. ಅವೇ ಕ್ಲೇಮ್‌ಗಳು. ನಮ್ಮದರಲ್ಲಿ 6 ಇದ್ದವು. ಒಂದನೇ ಕ್ಲೇಮ್ ಸೆನ್ಸರ್, ಮೈಕ್ರೋಕಂಟ್ರೋಲರ್ ಮತ್ತು ರಿಲೇ ಇರುವ ವ್ಯವಸ್ಥೆ, ಅಂದ್ರೆ ಅಂಗಡಿಯ ಡಬ್ಬಿಯೇ. ಎರಡು, ಮೂರು ಅದಕ್ಕೆ ಮೊಬೈಲ್ ಮೆಸೇಜ್ ಸೇರಿಸಿದ್ದು. ನಾಲ್ಕನೆಯದು ‘ಹಿಂದಿನ ಓಟದ ಅವಧಿಯನ್ನು ಆಧರಿಸಿ ಮರುಚಾಲನೆಯ ವಿಳಂಬವನ್ನು ಬದಲಿಸುವುದು’. ಓದ್ತಿದ್ದ ಹಾಗೇ ಮೈ ಜುಮ್ ಅಂತು, ಅದು ನನ್ನ ಕೋಡ್! ಇಂಟರ್‌ವ್ಯೂನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ‘ನಾಲ್ಕನೇ ಕ್ಲೇಮ್’ ಅಂತ ಇತ್ತು. ಉತ್ತರ ನನ್ನ ಹತ್ರಾನೇ ಇತ್ತು, ನಾನು ಓದಿರಲಿಲ್ಲ ಅಷ್ಟೆ.

ಇನ್ವೆಂಟರ್ ಅಂದ್ರೆ ಕ್ಲೇಮ್‌ನಲ್ಲಿರುವ ಐಡಿಯಾಗೆ ಏನಾದ್ರೂ ಕೊಟ್ಟವರು. ಬೋರ್ಡ್ ಸೋಲ್ಡರ್ ಮಾಡಿದ್ದು, ಪಿಪಿಟಿ ಮಾಡಿದ್ದು, ಲ್ಯಾಬ್ ಕೀ ಕೊಡಿಸಿದ್ದು ಇದ್ಯಾವುದೂ ಆಗಲ್ಲ. ಎಂಟು ಹೆಸರಲ್ಲಿ ಎಷ್ಟು ಜನ ನಿಜವಾಗಿ ಬರ್ತಾರೆ ಅನ್ನೋದನ್ನ ನಾನಿಲ್ಲಿ ಬರೆಯಲ್ಲ. ಆದರೆ ನಿಮ್ಮ ಹೆಸರೂ ಹೀಗೆ ಯಾವುದಾದ್ರೂ ಅರ್ಜಿಯಲ್ಲಿದ್ರೆ, ಕ್ಲೇಮ್‌ಗಳನ್ನ ತೆಗೆದು ನಿಮ್ಮದು ಯಾವುದು ಅಂತ ಬೆರಳಿಟ್ಟು ತೋರಿಸೋಕೆ ಆಗುತ್ತಾ ನೋಡಿ. ಆಗದಿದ್ರೆ ಆ ಸಾಲನ್ನ ಹಾಕಬೇಡಿ.

ನನಗೆ ನಿಜವಾದ ಶಾಕ್ ಕೊಟ್ಟಿದ್ದು ಮುಂದಿನದು. ಅಕ್ಕ ಪೆನ್ನಲ್ಲಿ ಎರಡು ಸಾಲಿಗೆ ಸುತ್ತು ಹಾಕಿ ನಡುವೆ ಒಂದು ಗೆರೆ ಎಳೆದ್ರು. ಪೇಪರ್, ಜೂನ್ 2025. ಪೇಟೆಂಟ್ ಅರ್ಜಿ, ಆಗಸ್ಟ್ 2025.

“ಇದರಲ್ಲಿ ಏನು ತಪ್ಪಿದೆ ಹೇಳೋ?”

ನನಗೆ ಗೊತ್ತಾಗಲಿಲ್ಲ.

“ಪೇಪರ್‌ನಲ್ಲಿ ನಿನ್ನ ರೀಸ್ಟಾರ್ಟ್ ಲಾಜಿಕ್ ಪೂರ್ತಿ ಬರೆದಿದ್ದೀಯಾ?”

“ಹೂಂ, ಫ್ಲೋಚಾರ್ಟ್ ಸಮೇತ.”

“ಹಾಗಾದ್ರೆ ಆಗಸ್ಟ್‌ನಲ್ಲಿ ಅದು ಹೊಸದಾ?”

ಪೇಟೆಂಟ್‌ನಲ್ಲಿ ‘ಹೊಸದು’ ಅಂದ್ರೆ ಅರ್ಜಿ ಹಾಕೋ ದಿನಕ್ಕೆ ಮುಂಚೆ ಪ್ರಪಂಚದಲ್ಲಿ ಎಲ್ಲೂ ಪ್ರಕಟ ಆಗಿರಬಾರದು ಅಂತ. ಬೇರೆಯವರು ಪ್ರಕಟಿಸಿದ್ರೆ ಮಾತ್ರ ಅಲ್ಲ, ನಾವೇ ಪ್ರಕಟಿಸಿದ್ರೂ ಅದು ಹಳೆಯದಾಯ್ತು. ನಮ್ಮ ಕಾನೂನಿನಲ್ಲಿ ಕೆಲವು ಸಣ್ಣ ವಿನಾಯಿತಿ ಇದೆ. ಸರ್ಕಾರ ಗುರುತಿಸಿದ ಪ್ರದರ್ಶನದಲ್ಲಿ ಇಟ್ಟಿದ್ದು, ವಿದ್ವತ್ ಸಂಘದ ಮುಂದೆ ಓದಿದ ಪ್ರಬಂಧ, ಇಂಥವಕ್ಕೆ 12 ತಿಂಗಳ ಒಳಗೆ ಅರ್ಜಿ ಹಾಕಬಹುದು. ದುಡ್ಡು ಕಟ್ಟಿ ಹಾಕಿಸಿದ ಆನ್‌ಲೈನ್ ಜರ್ನಲ್ ಅದರೊಳಗೆ ಬರುತ್ತೆ ಅಂತ ವಾದ ಮಾಡೋದು ಕಷ್ಟ. ಅಂದ್ರೆ ಎಕ್ಸಾಮಿನರ್ ನಮ್ಮ ನಾಲ್ಕನೇ ಕ್ಲೇಮ್ ವಿರುದ್ಧ ನಮ್ಮದೇ ಪೇಪರ್ ತೋರಿಸಬಹುದು. ಎರಡನ್ನೂ ಒಂದೇ ಪಟ್ಟಿಯಲ್ಲಿ ತಾರೀಖು ಸಮೇತ ಬರೆದು ನಾನು ‘ಎರಡು ಸಾಧನೆ’ ಅಂತ ತೋರಿಸ್ತಿದ್ದೆ. ಗೊತ್ತಿರೋರು ಓದಿದ್ರೆ ಅಲ್ಲಿ ಕಾಣೋದು, ಒಂದು ಇನ್ನೊಂದನ್ನ ಕೊಂದಿರೋದು.

ಸರಿಯಾದ ಕ್ರಮ ಸುಲಭ. ಮೊದಲು ಅರ್ಜಿ, ಆಮೇಲೆ ಪೇಪರ್. ಪೂರ್ತಿ ಬರೆಯೋಕೆ ಟೈಮ್ ಇಲ್ಲ ಅಂದ್ರೆ ಪ್ರಾವಿಶನಲ್ ಅರ್ಜಿ ಹಾಕಿ ದಿನಾಂಕ ಹಿಡ್ಕೋಬಹುದು, ಪೂರ್ತಿ ವಿವರಣೆ ಕೊಡೋಕೆ 12 ತಿಂಗಳು ಸಿಗುತ್ತೆ. ಆದರೆ ಪೇಪರ್‌ನಲ್ಲಿ ಹೇಳೋ ವಿಷಯ ಆ ಪ್ರಾವಿಶನಲ್‌ನಲ್ಲೂ ಬರೆದಿರಬೇಕು, ಬರೀ ಟೈಟಲ್ ಹಾಕಿದ್ರೆ ಪ್ರಯೋಜನ ಇಲ್ಲ. ನಿಮ್ಮ ಪ್ರಾಜೆಕ್ಟ್ ಇನ್ನೂ ಎಲ್ಲೂ ಪ್ರಕಟ ಆಗಿಲ್ಲದಿದ್ರೆ, ಈ ಪ್ಯಾರಾ ಒಂದನ್ನ ನಿಮ್ಮ ಗೈಡ್‌ಗೆ ತೋರಿಸಿ.

ಇನ್ನು ಪೇಪರ್. ನನ್ನದು ಕಳಿಸಿದ ಎರಡೇ ದಿನದಲ್ಲಿ ‘ಆಕ್ಸೆಪ್ಟೆಡ್’ ಅಂತ ಮೇಲ್ ಬಂದಿತ್ತು, ಜೊತೆಗೆ ಫೀಸ್ ಕಟ್ಟೋ ಲಿಂಕ್. ರಿವ್ಯೂವರ್‌ನ ಒಂದು ಪ್ರಶ್ನೆಯೂ ಇರಲಿಲ್ಲ. ಆಗ ನಾನು ಖುಷಿಪಟ್ಟಿದ್ದೆ, ನನ್ನ ಪೇಪರ್ ಅಷ್ಟು ಚೆನ್ನಾಗಿದೆ ಅಂತ! ನಿಜವಾದ ಪೀರ್ ರಿವ್ಯೂ ಅಂದ್ರೆ ಅದೇ ವಿಷಯ ಗೊತ್ತಿರೋ ಇಬ್ಬರು ಮೂವರು ಓದಿ, ‘23 ದಿನದಲ್ಲಿ ಮಳೆ ಬಂತಾ, ಬಂದಿದ್ರೆ ಬೋರ್‌ನ ನೀರು ತಾನೇ ಹೆಚ್ಚಿರಬಹುದಲ್ಲ’ ಅಂತೆಲ್ಲ ಕೇಳ್ತಾರೆ. ಮಳೆಯ ಪ್ರಶ್ನೆ ಅಕ್ಕ ಕೇಳಿದ್ದು. ಜರ್ನಲ್ ಕೇಳಬೇಕಿತ್ತು. (ಮಳೆ ಎರಡು ದಿನ ಬಂದಿತ್ತು. ಅದನ್ನ ನಾವು ಲೆಕ್ಕಕ್ಕೇ ತಗೊಂಡಿರಲಿಲ್ಲ.)

ಐಎಸ್‌ಎಸ್‌ಎನ್ ಇದೆಯಲ್ಲ, ಡಿಒಐ ಇದೆಯಲ್ಲ ಅಂತ ನಾನು ವಾದ ಮಾಡಿದೆ. ಅವೆರಡೂ ಗುರುತಿನ ನಂಬರ್ ಮಾತ್ರ. ಗಾಡಿಗೆ ನಂಬರ್ ಪ್ಲೇಟ್ ಇದ್ದ ಮಾತ್ರಕ್ಕೆ ಬ್ರೇಕ್ ಚೆನ್ನಾಗಿದೆ ಅಂತ ಅಲ್ವಲ್ಲ. ಇಂಪ್ಯಾಕ್ಟ್ ಫ್ಯಾಕ್ಟರ್ 7ಕ್ಕೂ ಮೇಲೆ ಅಂತ ಆ ಜರ್ನಲ್ ಮುಖಪುಟದಲ್ಲೇ ಇತ್ತು. ಜನ ಸಾಮಾನ್ಯವಾಗಿ ಇಂಪ್ಯಾಕ್ಟ್ ಫ್ಯಾಕ್ಟರ್ ಅನ್ನೋದು ಕ್ಲಾರಿವೇಟ್ ಅನ್ನೋ ಸಂಸ್ಥೆ ಲೆಕ್ಕ ಹಾಕೋ ಅಂಕಿಗೆ. ಅದೇ ಥರ ಹೆಸರಿಟ್ಟುಕೊಂಡು ಯಾರು ಬೇಕಾದ್ರೂ ಒಂದು ಅಂಕಿ ಕೊಡಬಹುದು, ಕೊಡ್ತಾರೆ ಕೂಡ. ನೋಡಬೇಕಾದ್ದು ಇಷ್ಟು: ಜರ್ನಲ್‌ನ ಹೆಸರು ಸ್ಕೋಪಸ್‌ನ ಸೋರ್ಸಸ್ ಪಟ್ಟಿಯಲ್ಲಿ ಈಗಲೂ ಇದೆಯಾ, ಕಾನ್ಫರೆನ್ಸ್ ಆದ್ರೆ ಪೇಪರ್ ನಿಜವಾಗಿ ಐಇಇಇ ಎಕ್ಸ್‌ಪ್ಲೋರ್‌ನಂಥ ಕಡೆ ಬಂದಿದೆಯಾ, ಮತ್ತು ನಿಮಗೆ ಬಂದ ರಿವ್ಯೂ ಕಾಮೆಂಟ್ ನಿಮ್ಮ ಹತ್ರ ಇದೆಯಾ. ಮೂರನೆಯದು ನನಗೆ ಹೆಚ್ಚು ನಂಬಿಕೆ ಇರೋ ಪರೀಕ್ಷೆ, ಯಾಕಂದ್ರೆ ಪಟ್ಟಿಗೆ ಸೇರಿದ ಜರ್ನಲ್‌ಗಳನ್ನೂ ಸ್ಕೋಪಸ್ ಆಗಾಗ ತೆಗೆದುಹಾಕುತ್ತೆ.

ಅಕ್ಕ ನನ್ನ ಪೇಪರ್ ಸಾಲನ್ನ ಹೊಡೆದು ಹಾಕಿದ್ರು. “ಒಂದು ಪೇಪರ್ ಆದ್ರೂ ಇರಲಿ ಅಕ್ಕ” ಅಂದೆ. “ಓದೋನಿಗೆ ಆ ಜರ್ನಲ್ ಗೊತ್ತಿದ್ರೆ ನಿನ್ನ ಉಳಿದ ಸಾಲುಗಳ ಮೇಲೂ ಅನುಮಾನ ಬರುತ್ತೆ, ಗೊತ್ತಿಲ್ಲದಿದ್ರೆ ಅವನು ಅದನ್ನ ನೋಡೋದೂ ಇಲ್ಲ. ಎರಡರಲ್ಲಿ ನಿನಗೆ ಲಾಭ ಎಲ್ಲಿದೆ ಮಾರಾಯ?” ಅಂದ್ರು. ಇನ್ನೊಂದು ಮಾತು. ಕಳಿಸಿ ಕಾಯ್ತಿರೋ ಪೇಪರ್ ಇದ್ರೆ ‘ಅಂಡರ್ ರಿವ್ಯೂ’ ಅಂತ ಬರೀಬಹುದು, ಆದರೆ ಜರ್ನಲ್ ಹೆಸರು ಬರೀಬಾರದು. ದೊಡ್ಡ ಜರ್ನಲ್‌ಗೆ ಕಳಿಸೋಕೆ ಯಾರಿಗೂ ಅಡ್ಡಿ ಇಲ್ಲ, ಆ ಹೆಸರು ನಮ್ಮ ಸಾಧನೆ ಅಲ್ಲ.

ಟೆಸ್ಟ್ ಸ್ಕೋರ್‌ಗಳಿಗೆ ಬರೋಣ. ನಾನು ಜೆಇಇ ಮೇನ್ 91 ಪರ್ಸೆಂಟೈಲ್ ಅಂತ ಹಾಕಿದ್ದೆ. ನೋಡೋಕೆ ನೂರಕ್ಕೆ 91 ಅಂಕದ ಹಾಗೆ ಕಾಣುತ್ತೆ. 12 ಲಕ್ಷ ಜನ ಬರೆದಿದ್ದಾರೆ ಅಂತ ಇಟ್ಕೊಳ್ಳಿ. 91 ಪರ್ಸೆಂಟೈಲ್ ಅಂದ್ರೆ ನನ್ನ ಮುಂದೆ 9 ಪರ್ಸೆಂಟ್ ಜನ, 1,08,000. ಹೀಗೆ ತಿರುಗಿಸಿ ಓದಿದಾಗ ನನಗೇ ನಗು ಬಂತು. ಸಿಇಟಿ ರ‍್ಯಾಂಕ್ ಕೂಡ ಹೋಯ್ತು, ಬೇರೆ ಕಾರಣಕ್ಕೆ. ಅದರ ಕೆಲಸ ನನ್ನನ್ನ ಈ ಕಾಲೇಜಿಗೆ ಸೇರಿಸೋದು, ಅದು ಆಗಿದೆ. ರೆಸ್ಯೂಮೆಯಲ್ಲಿ ಕಾಲೇಜಿನ ಹೆಸರು ಇದ್ದ ಮೇಲೆ ಅದೇ ವಿಷಯವನ್ನ ಎರಡು ಸಲ ಹೇಳಿದ ಹಾಗೆ. ಸ್ಕೋರ್ ಹಾಕಬೇಕಾದ್ದು ಅದನ್ನ ಕೇಳೋ ಜಾಗಕ್ಕೆ ಅರ್ಜಿ ಹಾಕುವಾಗ ಮಾತ್ರ, ಮತ್ತು ಅದರ ಆಯಸ್ಸು ಇರೋವರೆಗೆ. ಗೇಟ್ ಸ್ಕೋರ್ 3 ವರ್ಷ, ಜಿಆರ್‌ಇ 5 ವರ್ಷ, ಐಇಎಲ್‌ಟಿಎಸ್ ಮತ್ತು ಟೋಫೆಲ್ 2 ವರ್ಷ.

ಗೇಟ್ ಬಗ್ಗೆ ಥರ್ಡ್ ಇಯರ್‌ನವರಿಗೆ ಒಂದು ಮಾತು, ಯಾಕಂದ್ರೆ ಈಗ ಮೂರನೇ ವರ್ಷದಲ್ಲೇ ಬರೀಬಹುದು. ‘ಗೇಟ್ ಕ್ವಾಲಿಫೈಡ್’ ಅಂದ್ರೆ ಕಟ್‌ಆಫ್ ದಾಟಿದ್ದಾರೆ ಅಂತ ಮಾತ್ರ, ಎಷ್ಟು ದಾಟಿದ್ದಾರೆ ಅಂತ ಗೊತ್ತಾಗಲ್ಲ. ಮಾರ್ಕ್ಸ್ ನೂರಕ್ಕೆ, ಸ್ಕೋರ್ ಸಾವಿರಕ್ಕೆ. ಕೆಲವರು ‘ಗೇಟ್ 52’ ಅಂತ ಬರೀತಾರೆ, ಯಾವುದು ಅಂತ ಓದೋರು ಊಹೆ ಮಾಡಬೇಕು. ಪೇಪರ್, ವರ್ಷ, ಸ್ಕೋರ್, ರ‍್ಯಾಂಕ್ ನಾಲ್ಕೂ ಬರೀರಿ. ರ‍್ಯಾಂಕ್ ಬರೆಯೋಕೆ ಮುಜುಗರ ಆದ್ರೆ ಆ ಸಾಲೇ ಬೇಡ.

ಉಳಿದದ್ದು ಒಂದೇ ಒಂದು, ಎನ್‌ಪಿಟೆಲ್. ಡೇಟಾ ಸ್ಟ್ರಕ್ಚರ್ಸ್‌ನಲ್ಲಿ ನನಗೆ 78 ಬಂದಿತ್ತು. ಇದನ್ನ ನಾನು ಕೊನೇ ಸಾಲಿನಲ್ಲಿ ಬರೆದಿದ್ದೆ, ಬೇರೆ ಆನ್‌ಲೈನ್ ಸರ್ಟಿಫಿಕೇಟ್‌ಗಳ ಗುಂಪಿನಲ್ಲಿ. ಆದರೆ ಇದಕ್ಕೆ ಪರೀಕ್ಷಾ ಕೇಂದ್ರಕ್ಕೆ ಹೋಗಿ, ಎದುರಿಗೆ ಸೂಪರ್‌ವೈಸರ್ ಇದ್ದಾಗ ಬರೆದಿದ್ದೀನಿ. ಸಾಮಾನ್ಯವಾಗಿ ಅಸೈನ್‌ಮೆಂಟ್‌ಗೆ 25, ಆ ಪರೀಕ್ಷೆಗೆ 75. 75ರಿಂದ 89ರ ನಡುವೆ ಬಂದ್ರೆ ಎಲೀಟ್ ಪ್ಲಸ್ ಸಿಲ್ವರ್. ಹತ್ತು ಪ್ರಶ್ನೆಗೆ ಉತ್ತರ ಒತ್ತಿದ್ರೆ ಬರೋ ಕ್ವಿಜ್ ಸರ್ಟಿಫಿಕೇಟ್‌ಗೂ ಇದಕ್ಕೂ ಇರೋ ವ್ಯತ್ಯಾಸ ಇದೇ. ಇಂಟರ್‌ವ್ಯೂನಲ್ಲಿ ಲಿಂಕ್ಡ್ ಲಿಸ್ಟ್ ಕೇಳಿದ್ರೆ ನಾನು ಹೆದರಲ್ಲ ಕೂಡ.

ಪ್ರಶಸ್ತಿಗಳು ಮೂರಿದ್ದವು. ‘ಯಂಗ್ ಅಚೀವರ್’ ಅಂತ ಒಂದು, ಮೇಲ್‌ನಲ್ಲಿ ಬಂದ ಆಹ್ವಾನ, ನಾಮಿನೇಶನ್ ಫೀಸ್ ಕಟ್ಟಿದ ಮೇಲೆ ಶೀಲ್ಡ್. ಇದರ ಬಗ್ಗೆ ಮಾತೇ ಬೇಡ, ಅಪ್ಪನ ದುಡ್ಡು. ಎರಡನೆಯದು ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್. ಅದರಲ್ಲಿ ಮೊದಲು ಪ್ರತಿ ಕಾಲೇಜಿನೊಳಗೆ ಒಂದು ಸುತ್ತು ನಡೆಯುತ್ತೆ, ಗೆದ್ದ ತಂಡಗಳನ್ನ ಕಾಲೇಜು ಕಳಿಸುತ್ತೆ, ಅದರಲ್ಲಿ ಕೆಲವು ಮಾತ್ರ ಗ್ರಾಂಡ್ ಫಿನಾಲೆಗೆ ಹೋಗ್ತವೆ. ನಮ್ಮ ತಂಡ ಕಾಲೇಜು ಸುತ್ತಿನಲ್ಲಿ ಆಯ್ಕೆಯಾಗಿತ್ತು, ಫಿನಾಲೆಗೆ ಹೋಗಲಿಲ್ಲ. ನಾನು ಬರೆದಿದ್ದು ‘ಸೆಲೆಕ್ಟೆಡ್ ಇನ್ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್’ ಅಂತ. ಪೂರ್ತಿ ಸುಳ್ಳಲ್ಲ, ಆದರೆ ಓದೋರು ಫಿನಾಲೆ ಅಂತ ತಿಳ್ಕೋಬೇಕು ಅಂತಲೇ ಹಾಗೆ ಬರೆದಿದ್ದು ಅನ್ನೋದು ನನಗೆ ಗೊತ್ತಿತ್ತು. ತೆಗೆದೆ. ಮೂರನೆಯದು ಪಕ್ಕದ ಊರಿನ ಕಾಲೇಜು ಫೆಸ್ಟ್‌ನಲ್ಲಿ ‘ಬೆಸ್ಟ್ ಇನ್ನೋವೇಶನ್’. ತಂಡಗಳು ಒಂಬತ್ತು, ಬಹುಮಾನಗಳು ಏಳು. ಬರೀಬೇಕು ಅಂದ್ರೆ ‘9 ತಂಡಗಳಲ್ಲಿ’ ಅಂತ ಸೇರಿಸಿ ಬರಿ ಅಂದ್ರು ಅಕ್ಕ. ಸೇರಿಸಿ ನೋಡಿದೆ, ಆ ಸಾಲು ತಾನಾಗೇ ಉದುರಿ ಹೋಯ್ತು.

ಒಂದನ್ನ ಮಾತ್ರ ನಾನು ಬರೆದೇ ಇರಲಿಲ್ಲ, ಅಕ್ಕ ಮಾತಾಡ್ತಾ ಕೆದಕಿ ತೆಗೆದ್ರು. ಪಿಯುಸಿಯಲ್ಲಿ ಜಿಲ್ಲಾ ಮಟ್ಟದ ಚೆಸ್‌ನಲ್ಲಿ ಎರಡನೇ ಸ್ಥಾನ, 64 ಜನರಲ್ಲಿ, ಏಳು ಸುತ್ತು. ಎಂಜಿನಿಯರಿಂಗ್‌ಗೂ ಇದಕ್ಕೂ ಏನು ಸಂಬಂಧ ಅಂತ ಬಿಟ್ಟಿದ್ದೆ. “ನಿನ್ನ ಪಟ್ಟಿಯಲ್ಲಿ ಎದುರಿಗೆ ನಿಜವಾದ ಜನ ಕೂತು ನಿನ್ನನ್ನ ಸೋಲಿಸೋಕೆ ಪ್ರಯತ್ನಪಟ್ಟಿದ್ದು ಇದೊಂದೇ ಕಣೋ” ಅಂದ್ರು. ಹಾಕಿದ್ವಿ.

ಈಗ ರೆಸ್ಯೂಮೆ ಹೀಗಿದೆ. ಡ್ರೈ ರನ್ ಪ್ರಾಜೆಕ್ಟ್ ಸಾಧನೆಯ ಪಟ್ಟಿಯಿಂದ ಮೇಲೆ, ಪ್ರಾಜೆಕ್ಟ್ಸ್ ಭಾಗಕ್ಕೆ ಹೋಯ್ತು. ಅಲ್ಲಿ ಮೂರು ಸಾಲು: ಏನು ಅಳೆದೆ, ಕಾಯುವ ಸಮಯ ಹೇಗೆ ಬದಲಾಗುತ್ತೆ, 23 ದಿನದಲ್ಲಿ ಏನಾಯ್ತು, ಅದರಲ್ಲಿ ಎರಡು ಮಳೆ ದಿನ ಸೇರಿವೆ ಅಂತ. ಸಾಧನೆಯ ಪಟ್ಟಿಯಲ್ಲಿ ಎನ್‌ಪಿಟೆಲ್ 78, ಚೆಸ್, ಮೂರನೇ ಸೆಮಿಸ್ಟರ್‌ನ ಅನಲಾಗ್ ಸರ್ಕ್ಯೂಟ್ಸ್‌ನಲ್ಲಿ ನಮ್ಮ ಸೆಕ್ಷನ್‌ಗೆ ಮೊದಲನೆಯವನಾಗಿದ್ದು. ಇನ್ನರ್ಧ ಸಾಲು ಪ್ರಾಜೆಕ್ಟ್‌ನ ಕೊನೆಯಲ್ಲಿ ಸಣ್ಣಕ್ಷರದಲ್ಲಿ: ‘ಭಾರತೀಯ ಪೇಟೆಂಟ್ ಅರ್ಜಿ, ಪ್ರಕಟಿತ, ಪರೀಕ್ಷೆ ಆಗಿಲ್ಲ, ಎಂಟು ಇನ್ವೆಂಟರ್‌ಗಳಲ್ಲಿ ಒಬ್ಬ, ಕ್ಲೇಮ್ 4’. ಲಿಂಕ್ಡ್‌ಇನ್‌ನಲ್ಲಿ ಪೇಟೆಂಟ್ ಸೇರಿಸೋ ಫಾರ್ಮ್ ‘ಇಶ್ಯೂಡ್’ ಮತ್ತು ‘ಪೆಂಡಿಂಗ್’ ಅಂತ ಎರಡು ಆಯ್ಕೆ ಕೊಡುತ್ತೆ. ನಾನು ಮೊದಲನೆಯದನ್ನ ಒತ್ತಿದ್ದೆ, ಈಗ ಎರಡನೆಯದಕ್ಕೆ ಬದಲಿಸಿದ್ದೀನಿ. ಬದಲಿಸಿದ ದಿನ ಯಾರೂ ಗಮನಿಸಲಿಲ್ಲ. ಅಮ್ಮನಿಗೆ ಇನ್ನೂ ಹೇಳಿಲ್ಲ.

ಕಳೆದ ವಾರ ನಮ್ಮ ಗೈಡ್ ಸರ್ ಹತ್ರ ಹೋಗಿ, ಫಾರ್ಮ್ 18 ಹಾಕ್ತೀರಾ ಅಂತ ಕೇಳಿದೆ. ಜೂನ್ ಪೇಪರ್ ವಿಷಯಾನೂ ಹೇಳಿದೆ. ಸರ್ ಸ್ವಲ್ಪ ಹೊತ್ತು ಯೋಚನೆ ಮಾಡಿ, “ಮ್ಯಾನೇಜ್‌ಮೆಂಟ್ ಹತ್ರ ಕೇಳಿ ನೋಡೋಣಪ್ಪ” ಅಂದ್ರು. ಆಗಸ್ಟ್ 2025ರಿಂದ 31 ತಿಂಗಳು ಅಂದ್ರೆ ಮಾರ್ಚ್ 2028, ನನ್ನ ಎಂಟನೇ ಸೆಮಿಸ್ಟರ್. ಫೋನ್ ಕ್ಯಾಲೆಂಡರ್‌ನಲ್ಲಿ ಆ ತಿಂಗಳ ಒಂದನೇ ತಾರೀಖಿಗೆ ‘ಇನ್‌ಪಾಸ್ ನೋಡು, ಅರ್ಧ ಸಾಲು ಇರಬೇಕಾ ತೆಗೀಬೇಕಾ’ ಅಂತ ಹಾಕಿಟ್ಟಿದ್ದೀನಿ.